ಒಂದು ದಿನ ತಪ್ಪಿದರೆ ಏನಾಗಬೇಕು? ಗೇಮ್‌ಗಳ ದಿನದ ಬಹುಮಾನ, ಸ್ಟ್ರೀಕ್ ಹಿಂದಿನ ಲೆಕ್ಕಾಚಾರ

ಮೊಬೈಲ್‌ನಲ್ಲಿ ಗೇಮ್ ತೆರೆದ ಕೂಡಲೇ ಏಳು ಚೌಕಗಳ ಒಂದು ಕ್ಯಾಲೆಂಡರ್ ಕಾಣಿಸುತ್ತದೆ. ಇಂದಿನ ಚೌಕ ಒತ್ತಿದರೆ ಒಂದಿಷ್ಟು ನಾಣ್ಯ ಖಾತೆಗೆ ಜಮಾ. ಪಕ್ಕದಲ್ಲಿ ಬೆಂಕಿಯ ಚಿತ್ರ, ಅದರ ಮೇಲೆ 43 ಎಂಬ ಅಂಕಿ. ಅಂದರೆ ನೀವು 43 ದಿನಗಳಿಂದ ಒಂದು ದಿನವೂ ತಪ್ಪದೆ ಆಡಿದ್ದೀರಿ. ಇನ್ನೊಂದು ಮೂಲೆಯಲ್ಲಿ 'ಸಾವಿರ ಪದ ಹುಡುಕಿದವರು' ಎಂಬ ಪದಕ.

ಆಟಗಾರರನ್ನು ಮತ್ತೆ ಮತ್ತೆ ಕರೆತರಲು ಗೇಮ್ ತಯಾರಕರು ಬಳಸುವ ಮೂರು ಮುಖ್ಯ ಉಪಾಯಗಳು ಇವೇ. ಬಂದದ್ದಕ್ಕೆ ಸಿಗುವುದು ದಿನದ ಬಹುಮಾನ. ಸತತವಾಗಿ ಬಂದ ದಿನಗಳ ಎಣಿಕೆ ಸ್ಟ್ರೀಕ್. ಏನನ್ನಾದರೂ ಸಾಧಿಸಿದ್ದಕ್ಕೆ ಸಿಗುವ ಗುರುತು ಅಚೀವ್‌ಮೆಂಟ್. ಮೂರರಲ್ಲೂ ತಪ್ಪೇನಿಲ್ಲ. ಆದರೆ ಇವೇ ಉಪಾಯಗಳು ಆಟಗಾರನ ಮೇಲೆ ಒತ್ತಡ ಹೇರುವ ಸಾಧನವೂ ಆಗಬಲ್ಲವು. ಎರಡರ ನಡುವಿನ ಗೆರೆ ಎಲ್ಲಿದೆ? ಆಟಗಾರ ಬಂದ ದಿನ ಏನು ಸಿಗುತ್ತದೆ ಎಂಬುದನ್ನು ನೋಡಿದರೆ ಅದು ಗೊತ್ತಾಗುವುದಿಲ್ಲ. ಆತ ಬಾರದ ದಿನ ಏನಾಗುತ್ತದೆ ಎಂಬುದನ್ನು ನೋಡಬೇಕು.

ಗಳಿಕೆಯ ಖುಷಿ, ನಷ್ಟದ ಭಯ

ಹತ್ತು ರೂಪಾಯಿ ಸಿಕ್ಕಾಗ ಆಗುವ ಖುಷಿಗಿಂತ ಹತ್ತು ರೂಪಾಯಿ ಕಳೆದಾಗ ಆಗುವ ಬೇಸರ ದೊಡ್ಡದು. ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ಒಂದು ಮುಖ್ಯ ಅಂಶ ಇದು. ಸ್ಟ್ರೀಕ್ ನಿಂತಿರುವುದು ಇದೇ ಗುಣದ ಮೇಲೆ. ಮೊದಲ ವಾರದಲ್ಲಿ ಅದು ಬರೀ ಒಂದು ಅಂಕಿ. 43 ದಾಟುವ ಹೊತ್ತಿಗೆ ಅದು ಆಟಗಾರನ ಆಸ್ತಿಯಾಗಿರುತ್ತದೆ. ಅಲ್ಲಿಂದ ಮುಂದೆ ಆತ ಆಡುವುದು ಆಟದ ಮೇಲಿನ ಆಸೆಯಿಂದಲೋ, ಆ ಅಂಕಿ ಸೊನ್ನೆಯಾದೀತು ಎಂಬ ಭಯದಿಂದಲೋ ಎಂದು ಹೊರಗಿನಿಂದ ಹೇಳುವುದು ಕಷ್ಟ.

ಒಂದೇ ನಿಯಮವನ್ನು ಶಿಕ್ಷೆಯಂತೆಯೂ ಬಹುಮಾನದಂತೆಯೂ ತೋರಿಸಬಹುದು. ಇದಕ್ಕೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಗೇಮ್‌ನ ಉದಾಹರಣೆ ಹೆಸರುವಾಸಿ. 2004ರಲ್ಲಿ ಬಿಡುಗಡೆಗೆ ಮುನ್ನ ನಡೆದ ಪರೀಕ್ಷೆಯಲ್ಲಿ, ಹೆಚ್ಚು ಹೊತ್ತು ಆಡಿದರೆ ಅನುಭವದ ಅಂಕಗಳು ಅರ್ಧಕ್ಕೆ ಇಳಿಯುವ ನಿಯಮವಿತ್ತು. ಆಟಗಾರರು ಸಿಟ್ಟಾದರು. ಆಗ ತಯಾರಕರು ಲೆಕ್ಕವನ್ನು ಹಾಗೇ ಉಳಿಸಿಕೊಂಡು ಹೆಸರನ್ನಷ್ಟೇ ತಿರುವಿದರು. ಹಿಂದಿನ 'ಪೂರ್ತಿ' ಅಂಕ 'ದುಪ್ಪಟ್ಟು' ಎನಿಸಿಕೊಂಡಿತು, ಹಿಂದಿನ 'ಅರ್ಧ' ಅಂಕ 'ಮಾಮೂಲಿ' ಎನಿಸಿಕೊಂಡಿತು. ಆಟದಿಂದ ದೂರ ಉಳಿದು ವಿಶ್ರಾಂತಿ ಪಡೆದವರಿಗೆ ಬೋನಸ್ ಸಿಗುತ್ತದೆ ಎಂದಾದಾಗ ಗೊಣಗಾಟ ನಿಂತಿತು. ಈ ನಿಯಮ ಇನ್ನೊಂದು ಕಾರಣಕ್ಕೂ ಗಮನಾರ್ಹ. ಇದು ಬಾರದಿದ್ದವರನ್ನು ದಂಡಿಸುವುದಿಲ್ಲ, ಮರಳಿ ಬಂದಾಗ ಸ್ವಾಗತಿಸುತ್ತದೆ.

ಏಳು ಚೌಕಗಳ ಲೆಕ್ಕ

ದಿನದ ಬಹುಮಾನದ ಕ್ಯಾಲೆಂಡರನ್ನು ಒಂದು ಲೆಕ್ಕದ ಮೂಲಕ ನೋಡೋಣ. ಒಂದು ಪದಬಂಧದ ಗೇಮ್ ಇದೆ ಎಂದುಕೊಳ್ಳಿ. ಏಳು ದಿನಗಳ ಬಹುಮಾನ ಕ್ರಮವಾಗಿ 10, 10, 20, 20, 30, 40 ಮತ್ತು 100 ನಾಣ್ಯ. ಒಟ್ಟು 230. ಒಬ್ಬ ಆಟಗಾರ್ತಿ ಸೋಮವಾರದಿಂದ ಶನಿವಾರದವರೆಗೆ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ಆಡುತ್ತಾರೆ. ಭಾನುವಾರ ಆಡುವುದಿಲ್ಲ.

ಮೊದಲ ವಿಧಾನದಲ್ಲಿ ಒಂದು ದಿನ ತಪ್ಪಿದರೆ ಕ್ಯಾಲೆಂಡರ್ ಮೊದಲ ಚೌಕಕ್ಕೆ ಮರಳುತ್ತದೆ. ಆಕೆಗೆ ಪ್ರತಿ ವಾರ ಮೊದಲ ಆರು ಚೌಕಗಳ 130 ನಾಣ್ಯ ಸಿಗುತ್ತದೆ. ಏಳನೇ ಚೌಕದ 100 ನಾಣ್ಯ ಎಂದೂ ಸಿಗುವುದಿಲ್ಲ. ಏಳು ವಾರ, ಅಂದರೆ 49 ದಿನಗಳಲ್ಲಿ ಆಕೆ 42 ದಿನ ಆಡಿರುತ್ತಾರೆ, ಕೈಗೆ ಬಂದದ್ದು 910 ನಾಣ್ಯ. ಒಂದು ದಿನವೂ ಬಿಡದೆ ಆಡಿದವರಿಗೆ ಇದೇ ಅವಧಿಯಲ್ಲಿ 1610 ಸಿಕ್ಕಿರುತ್ತದೆ. ಶೇ. 86ರಷ್ಟು ದಿನ ಬಂದವರಿಗೆ ಬಹುಮಾನದ ಶೇ. 57 ಮಾತ್ರ.

ಎರಡನೇ ವಿಧಾನದಲ್ಲಿ ಕ್ಯಾಲೆಂಡರ್ ಮುಂದೆ ಸಾಗುವುದು ಆಡಿದ ದಿನ ಮಾತ್ರ. ಆಡದ ದಿನ ಅದು ಇದ್ದಲ್ಲೇ ನಿಂತಿರುತ್ತದೆ. ಭಾನುವಾರ ಬಿಟ್ಟವರಿಗೆ ಸೋಮವಾರ ಏಳನೇ ಚೌಕ ಕಾದಿರುತ್ತದೆ. 42 ದಿನ ಆಡಿದರೆ ಆರು ಕ್ಯಾಲೆಂಡರ್ ಪೂರ್ತಿಯಾಗಿ 1380 ನಾಣ್ಯ. ಇದು 1610ರ ಶೇ. 86ರಷ್ಟೇ. ಅಂದರೆ ಬಂದಷ್ಟಕ್ಕೆ ಸರಿಯಾದ ಪಾಲು.

ಎರಡೂ ವಿಧಾನಗಳಲ್ಲಿ ಚೌಕಗಳು ಅವೇ, ನಾಣ್ಯಗಳು ಅವೇ. ಪರದೆಯ ಮೇಲೆ ನೋಡಿದರೆ ವ್ಯತ್ಯಾಸವೂ ತಿಳಿಯುವುದಿಲ್ಲ. ಆದರೆ ಮೊದಲನೆಯದರಲ್ಲಿ ಒಂದು ಭಾನುವಾರದ ಬೆಲೆ 100 ನಾಣ್ಯ, ಎರಡನೆಯದರಲ್ಲಿ ಆ ದಿನದ ಬಹುಮಾನ ಒಂದು ದಿನ ತಡವಾಗುತ್ತದೆ, ಅಷ್ಟೆ. ದೊಡ್ಡ ಬಹುಮಾನವನ್ನು ಕೊನೆಯ ಚೌಕದಲ್ಲಿಟ್ಟು, ತಪ್ಪಿದರೆ ಮೊದಲಿಗೆ ಮರಳಿಸುವ ಕ್ಯಾಲೆಂಡರ್ ಸಿಕ್ಕರೆ ಅದು ಭಯವನ್ನೇ ನೆಚ್ಚಿಕೊಂಡಿದೆ ಎಂದು ತಿಳಿಯಬಹುದು.

ಕೆಲಸಗಳನ್ನು ಕೂಡಿಡುವುದು ಇನ್ನೊಂದು ದಾರಿ. 'ಹಾರ್ತ್‌ಸ್ಟೋನ್' ಎಂಬ ಕಾರ್ಡ್ ಗೇಮ್ ಆರಂಭದ ವರ್ಷಗಳಲ್ಲಿ ದಿನಕ್ಕೊಂದು ಕೆಲಸ ಕೊಡುತ್ತಿತ್ತು. ಮಾಡದ ಕೆಲಸಗಳು ಮೂರರವರೆಗೆ ಪಟ್ಟಿಯಲ್ಲಿ ಉಳಿಯುತ್ತಿದ್ದವು. ಹೀಗಾಗಿ ಮೂರು ದಿನಕ್ಕೊಮ್ಮೆ ಕುಳಿತು ಎಲ್ಲವನ್ನೂ ಮುಗಿಸಿದವರಿಗೂ ನಷ್ಟವಿರಲಿಲ್ಲ. ಮಿತಿ ಮೂರು ಎಂದಿದ್ದರಿಂದ ತಿಂಗಳುಗಟ್ಟಲೆ ಬಾರದವರ ಮುಂದೆ ಬೆಟ್ಟದಷ್ಟು ಬಾಕಿಯೂ ಬೀಳುತ್ತಿರಲಿಲ್ಲ.

ಸ್ಟ್ರೀಕ್‌ಗೂ ರಜೆ ಬೇಕು

ಕ್ಯಾಲೆಂಡರನ್ನು ನಿಲ್ಲಿಸಿ ಕಾಯಿಸಬಹುದು. ಸ್ಟ್ರೀಕ್ ಹಾಗಲ್ಲ, ಸತತ ಎಂಬುದೇ ಅದರ ಅರ್ಥ. ಆದರೆ ಒಂದು ದಿನವೂ ತಪ್ಪಬಾರದು ಎಂಬ ನಿಯಮ ಎಷ್ಟು ಕಠಿಣ ಎಂಬುದು ಹಲವು ವಿನ್ಯಾಸಕಾರರಿಗೇ ಅರಿವಿರುವುದಿಲ್ಲ.

ಬಹಳ ನಿಷ್ಠೆಯ ಆಟಗಾರನೊಬ್ಬ ಯಾವುದೇ ದಿನ ಆಡುವ ಸಾಧ್ಯತೆ ಶೇ. 95 ಎಂದುಕೊಳ್ಳಿ. ಅಂದರೆ ಇಪ್ಪತ್ತು ದಿನಕ್ಕೊಮ್ಮೆ ಜ್ವರವೋ, ಪರೀಕ್ಷೆಯೋ, ಹಬ್ಬಕ್ಕೆ ಊರಿಗೆ ಹೊರಟ ರೈಲಿನಲ್ಲಿ ಸಿಗ್ನಲ್ ಇಲ್ಲದ್ದೋ ಅಡ್ಡ ಬರುತ್ತದೆ. ಇಂಥವನು 30 ದಿನ ಒಮ್ಮೆಯೂ ತಪ್ಪದೆ ಆಡುವ ಸಾಧ್ಯತೆ 0.95ನ್ನು ಮೂವತ್ತು ಬಾರಿ ಗುಣಿಸಿದಷ್ಟು. ಉತ್ತರ ಸುಮಾರು ಶೇ. 21. ಇಷ್ಟು ನಿಯತ್ತಿನ ಐವರಲ್ಲಿ ನಾಲ್ವರ ಸ್ಟ್ರೀಕ್ ತಿಂಗಳೊಳಗೆ ಮುರಿಯುತ್ತದೆ. ತಿಂಗಳಿಗೆ ಒಂದು ರಜೆ ಕೊಟ್ಟರೆ ಉಳಿಯುವ ಸಾಧ್ಯತೆ ಶೇ. 55ಕ್ಕೆ ಏರುತ್ತದೆ. ಎರಡು ರಜೆ ಕೊಟ್ಟರೆ ಶೇ. 81.

ಈ ಲೆಕ್ಕದಲ್ಲಿ ಪ್ರತಿ ದಿನವೂ ಬೇರೆ ದಿನಗಳ ಹಂಗಿಲ್ಲದೆ ನಡೆಯುತ್ತದೆ ಎಂದು ಊಹಿಸಲಾಗಿದೆ. ನಿಜ ಜೀವನದಲ್ಲಿ ಜ್ವರ ಬಂದರೆ ಮೂರು ದಿನ ಸಾಲಾಗಿ ತಪ್ಪುತ್ತದೆ. ಆದ್ದರಿಂದ ರಜೆಗಳನ್ನು ಒಟ್ಟಿಗೆ ಬಳಸಲೂ ಅವಕಾಶ ಇರಬೇಕು. ಹಾಗೆಂದು ರಜೆಯನ್ನು ಮಿತಿಯಿಲ್ಲದೆ ಹಂಚಿದರೂ ಕೆಲಸ ಕೆಡುತ್ತದೆ. ತಿಂಗಳಿಗೆ ಹತ್ತು ರಜೆ ಇದ್ದರೆ ಸತತ 100 ದಿನ ಎಂಬ ಅಂಕಿಗೆ ಬೆಲೆಯೇ ಉಳಿಯದು. ದಿನವೂ ಆಡುವ ಗೇಮ್‌ಗೆ ತಿಂಗಳಿಗೆ ಎರಡು ಮೂರು ರಜೆ ಒಂದು ಹದವಾದ ಆರಂಭ. 'ವಾರಕ್ಕೆ ಐದು ದಿನ' ಎಂದು ವಾರಗಳ ಲೆಕ್ಕದಲ್ಲಿ ಸ್ಟ್ರೀಕ್ ಎಣಿಸುವುದು ಇನ್ನೂ ಸರಳ.

ಭಾಷೆ ಕಲಿಸುವ ಡ್ಯುಯೊಲಿಂಗೊ ಆಪ್‌ನಲ್ಲಿ 'ಸ್ಟ್ರೀಕ್ ಫ್ರೀಜ್' ಎಂಬ ಸೌಲಭ್ಯವಿದೆ. ಮೊದಲೇ ಪಡೆದಿಟ್ಟುಕೊಂಡಿದ್ದರೆ ತಪ್ಪಿದ ದಿನ ಅದು ತಾನಾಗಿ ಖರ್ಚಾಗಿ ಸ್ಟ್ರೀಕ್ ಉಳಿಯುತ್ತದೆ. 'ತಾನಾಗಿ' ಎಂಬುದು ಇಲ್ಲಿ ಮುಖ್ಯ. ರಜೆಯನ್ನು ಬಳಸಲು ಆ ದಿನವೇ ಆಪ್ ತೆರೆಯಬೇಕು ಎಂದರೆ ಅದು ರಜೆಯೇ ಅಲ್ಲ.

ಇಲ್ಲೇ ಒಂದು ಸೂಕ್ಷ್ಮವಿದೆ. ಆಟದೊಳಗೆ ಗಳಿಸಿದ ನಾಣ್ಯದಿಂದ ರಜೆ ಪಡೆಯುವುದು ಬೇರೆ. ಸ್ಟ್ರೀಕ್ ಮುರಿದ ಕೂಡಲೇ 'ನಿಮ್ಮ 43 ದಿನ ಹೋಯಿತು, ಇಷ್ಟು ರೂಪಾಯಿ ಕೊಟ್ಟರೆ ಮರಳಿ ಸಿಗುತ್ತದೆ' ಎನ್ನುವುದು ಬೇರೆ. ಎರಡನೆಯದರಲ್ಲಿ ನೋವು ಕೊಟ್ಟವರೇ ಔಷಧ ಮಾರುತ್ತಿದ್ದಾರೆ. ಸ್ಟ್ರೀಕ್ ಹೆಚ್ಚು ಮುರಿದಷ್ಟೂ ಆದಾಯ ಹೆಚ್ಚು ಎಂದಾದ ಮೇಲೆ, ನಿಯಮ ಸಡಿಲಿಸುವ ಮನಸ್ಸು ಯಾವ ಕಂಪನಿಗೂ ಬರುವುದಿಲ್ಲ.

ಕೊನೆಗೂ ಸ್ಟ್ರೀಕ್ ಮುರಿದರೆ ಪರದೆಯ ಮೇಲೆ ಬರೀ ಸೊನ್ನೆ ಉಳಿಯಬಾರದು. ದಿನಕ್ಕೊಂದೇ ಒಗಟು ಕೊಡುವ 'ವರ್ಡಲ್' ಪದದಾಟದ ಅಂಕಿಅಂಶದ ಪುಟ ಈಗಿನ ಸ್ಟ್ರೀಕ್ ಜೊತೆಗೆ ಅತಿ ಉದ್ದದ ಸ್ಟ್ರೀಕ್ ಎಷ್ಟು, ಒಟ್ಟು ಎಷ್ಟು ಆಟ ಆಡಿದ್ದೀರಿ ಎಂಬುದನ್ನೂ ತೋರಿಸುತ್ತದೆ. ಒಂದು ಅಂಕಿ ಹೋದರೂ ಉಳಿದೆರಡು ಹೋಗುವುದಿಲ್ಲ. ಮಾಡಿದ್ದು ಮಾಡಿದ್ದೇ ಎಂಬ ಸಮಾಧಾನ ಆಟಗಾರನಿಗೆ ಇರುತ್ತದೆ.

'ದಿನ' ಎಂದರೆ ಯಾವಾಗಿಂದ ಯಾವಾಗಿನವರೆಗೆ?

ಅನ್ಯಾಯ ಯಾವಾಗಲೂ ಬೇಕೆಂದೇ ಆಗುವುದಿಲ್ಲ. ಎಷ್ಟೋ ಸಲ ಅದು ಗಡಿಯಾರದಿಂದ ಆಗುತ್ತದೆ. ಸರ್ವರ್‌ಗಳು ಸಾಮಾನ್ಯವಾಗಿ ಅಂತಾರಾಷ್ಟ್ರೀಯ ಪ್ರಮಾಣಿತ ಸಮಯದಲ್ಲಿ ನಡೆಯುತ್ತವೆ. ಅಲ್ಲಿ ಮಧ್ಯರಾತ್ರಿಯಾದಾಗ ಭಾರತದಲ್ಲಿ ಬೆಳಗಿನ 5.30. ಒಬ್ಬರು ಸೋಮವಾರ ಬೆಳಗ್ಗೆ 5 ಗಂಟೆಗೆ ಎದ್ದು ಆಡಿದರು. ಸರ್ವರ್ ಪ್ರಕಾರ ಅದು ಇನ್ನೂ ಭಾನುವಾರ. ಮರುದಿನ 6 ಗಂಟೆಗೆ ಆಡಿದರು. ಸರ್ವರ್ ಪ್ರಕಾರ ಅದು ಮಂಗಳವಾರ. ದಿನವೂ ಆಡಿದವರ ಲೆಕ್ಕದಲ್ಲಿ ಸೋಮವಾರ ಖಾಲಿ ಬಿತ್ತು, ಸ್ಟ್ರೀಕ್ ಮುರಿಯಿತು.

'ಹಿಂದಿನ ಬಹುಮಾನ ಪಡೆದು 24 ಗಂಟೆ ಆದ ಮೇಲೆ ಮುಂದಿನದು' ಎಂಬ ನಿಯಮ ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ಇಂದು 8 ಗಂಟೆಗೆ ಪಡೆದವರು ನಾಳೆ 8ಕ್ಕೆ ಮೊದಲು ಪಡೆಯುವಂತಿಲ್ಲ. ಹತ್ತು ನಿಮಿಷ ತಡವಾದರೆ ನಾಡಿದ್ದು 8.10. ಹೀಗೆ ಜಾರುತ್ತಾ ಹೋಗಿ ಅದು ಮೀಟಿಂಗ್ ಹೊತ್ತಿಗೋ ಮಲಗುವ ಹೊತ್ತಿಗೋ ಬಂದು ನಿಲ್ಲುತ್ತದೆ.

ಆಟಗಾರ ಇರುವ ಊರಿನ ಸಮಯವನ್ನೇ ಹಿಡಿದು, ದಿನದ ಗಡಿಯನ್ನು ಮಧ್ಯರಾತ್ರಿಯ ಬದಲು ಬೆಳಗಿನ ಜಾವ ನಾಲ್ಕಕ್ಕೆ ಇಡುವುದು ಒಳ್ಳೆಯದು. ರಾತ್ರಿ 12.30ಕ್ಕೆ ಆಡಿದ್ದು ಹೆಚ್ಚಿನವರಿಗೆ 'ಇವತ್ತಿನ' ಆಟವೇ. ರಾತ್ರಿ ಪಾಳಿಯವರಿಗೆ ಈ ಗಡಿಯನ್ನು ತಾವೇ ಬದಲಿಸಿಕೊಳ್ಳುವ ಆಯ್ಕೆ ಇದ್ದರೆ ಇನ್ನೂ ಒಳಿತು. ಸರ್ವರ್ ಕೆಟ್ಟ ದಿನವಂತೂ ಯಾರ ಸ್ಟ್ರೀಕೂ ಮುರಿಯಬಾರದು. 2022ರಲ್ಲಿ ವರ್ಡಲ್ ಗೇಮ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಲತಾಣಕ್ಕೆ ಸ್ಥಳಾಂತರವಾದಾಗ ಕೆಲವು ಆಟಗಾರರ ಸ್ಟ್ರೀಕ್ ಅಳಿಸಿಹೋಗಿ ದೊಡ್ಡ ಗದ್ದಲವೇ ಆಯಿತು. ಉಚಿತ ಆಟದ ಒಂದು ಅಂಕಿಗೆ ಜನ ಎಷ್ಟು ಬೆಲೆ ಕೊಡುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿ.

ಪದಕ ಯಾವುದಕ್ಕೆ ಕೊಡಬೇಕು?

1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಸಂಶೋಧಕರು ಚಿತ್ರ ಬಿಡಿಸಲು ಇಷ್ಟಪಡುವ ಶಿಶುವಿಹಾರದ ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪಿಗೆ 'ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಚಿತ್ರ ಬರೆದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲ ದಿನಗಳ ನಂತರ ನೋಡಿದಾಗ ಮೊದಲ ಗುಂಪಿನ ಮಕ್ಕಳು ತಾವಾಗಿ ಚಿತ್ರ ಬಿಡಿಸುತ್ತಿದ್ದ ಹೊತ್ತು ಉಳಿದವರ ಸುಮಾರು ಅರ್ಧದಷ್ಟಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ.

ಆಟಗಾರ ಹೇಗೂ ಇಷ್ಟಪಟ್ಟು ಮಾಡುವ ಕೆಲಸಕ್ಕೆ 'ಇದು ಮಾಡಿದರೆ ಇದು ಸಿಗುತ್ತದೆ' ಎಂಬ ಆಮಿಷ ಬೇಡ ಎಂಬುದು ಇದರ ಪಾಠ. ಪದಬಂಧದ ಗೇಮ್‌ನಲ್ಲಿ '500 ಬಾರಿ ಲಾಗಿನ್' ಎಂಬ ಪದಕ ಹಾಜರಿ ಪುಸ್ತಕವಿದ್ದಂತೆ. 'ಸುಳಿವು ಪಡೆಯದೆ ಇಡೀ ಪದಬಂಧ ಬಿಡಿಸಿದಿರಿ' ಎಂಬುದು ಕೌಶಲಕ್ಕೆ ಸಂದ ಗೌರವ. ಅದು ಹೇಳದೆ ಕೇಳದೆ ಬಂದರೆ ಇನ್ನೂ ಸೊಗಸು. ಪದಕಗಳ ಪಟ್ಟಿಗೆ ಒಂದು ಕೊನೆಯೂ ಇರಬೇಕು. ಎಲ್ಲವನ್ನೂ ಗಳಿಸಿದವರು 'ಮುಗಿಸಿದೆ' ಎಂಬ ತೃಪ್ತಿಯಿಂದ ಎದ್ದು ಹೋಗುವ ಹಕ್ಕು ಪಡೆದಿರುತ್ತಾರೆ. ನಿರ್ದಿಷ್ಟ ವಾರದಲ್ಲಿ ಮಾತ್ರ ಸಿಕ್ಕು ಮತ್ತೆಂದೂ ಸಿಗದ ಪದಕ ಈ ಹಕ್ಕನ್ನು ಕಸಿಯುತ್ತದೆ. ಅದನ್ನು ಮುಂದಿನ ವರ್ಷ ಮತ್ತೆ ತಂದರೆ ಸಮಸ್ಯೆ ಬಗೆಹರಿಯುತ್ತದೆ.

ಕಾನೂನು ಏನು ಹೇಳುತ್ತದೆ?

ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್' ತಡೆಯುವ ಮಾರ್ಗಸೂಚಿ ಹೊರಡಿಸಿತು. ಡಾರ್ಕ್ ಪ್ಯಾಟರ್ನ್ ಎಂದರೆ ಬಳಕೆದಾರರನ್ನು ದಾರಿತಪ್ಪಿಸುವ ಪರದೆಯ ವಿನ್ಯಾಸ. ಪಟ್ಟಿಯಲ್ಲಿರುವ 13 ಬಗೆಗಳಲ್ಲಿ ಸ್ಟ್ರೀಕ್ ಇಲ್ಲ. ಆದರೆ ಸುಳ್ಳು ತುರ್ತು ಹುಟ್ಟಿಸುವುದು, ಬೇಡ ಎಂದವರನ್ನು ನಾಚಿಸುವ ಮಾತು, ಪದೇ ಪದೇ ಪೀಡಿಸುವುದು ಇವೆ. ಆದ್ದರಿಂದ 'ಇನ್ನು 10 ನಿಮಿಷದಲ್ಲಿ ಈ ಆಫರ್ ಮುಗಿಯುತ್ತದೆ' ಎಂದು ಹೇಳಿ ಮರುದಿನವೂ ಅದನ್ನೇ ತೋರಿಸುವುದು, 'ಬೇಡ, ನನ್ನ ಸ್ಟ್ರೀಕ್ ಹಾಳಾಗಲಿ' ಎಂಬ ಬಟನ್ ಒತ್ತಿಸಿ ಖರೀದಿಗೆ ದೂಡುವುದು ಈ ಪಟ್ಟಿಗೆ ತೀರಾ ಹತ್ತಿರ ಬರುತ್ತವೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ವರ್ತನೆಯ ಮೇಲೆ ನಿಗಾ ಇಡುವುದನ್ನು ಕಾಯ್ದೆ ನಿರ್ಬಂಧಿಸುತ್ತದೆ. ಯಾವ ಮಗು ಎಷ್ಟು ಹೊತ್ತಿಗೆ ಸೋಲುತ್ತದೆ ಎಂದು ನೋಡಿ ಆ ಹೊತ್ತಿಗೇ ನೋಟಿಫಿಕೇಶನ್ ಕಳಿಸುವ ವ್ಯವಸ್ಥೆ ಕಟ್ಟುವವರು ಇದನ್ನು ನೆನಪಿಡಬೇಕು.

ಚೀನಾ ಇನ್ನೂ ಮುಂದೆ ಹೋಗಿತ್ತು. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ದಿನದ ಲಾಗಿನ್ ಬಹುಮಾನವನ್ನೇ ನಿಷೇಧಿಸುವ ಕರಡು ನಿಯಮ ಪ್ರಕಟಿಸಿದರು. ದೊಡ್ಡ ಗೇಮ್ ಕಂಪನಿಗಳ ಷೇರುಗಳು ನೆಲಕಚ್ಚಿದವು. ಮರು ತಿಂಗಳು ಆ ಕರಡು ಜಾಲತಾಣದಿಂದ ಮರೆಯಾಯಿತು.

ಸರಿಯೋ ತಪ್ಪೋ ತಿಳಿಯುವುದು ಹೇಗೆ?

ಎಷ್ಟು ಜನ ಏಳನೇ ದಿನ, ಮೂವತ್ತನೇ ದಿನ ಮರಳಿ ಬಂದರು ಎಂಬ ಅಂಕಿಯನ್ನು ಎಲ್ಲ ಗೇಮ್ ಕಂಪನಿಗಳೂ ನೋಡುತ್ತವೆ. ಆದರೆ ಆಸೆಯಿಂದ ಬಂದವರು, ಭಯದಿಂದ ಬಂದವರು ಇಬ್ಬರೂ ಅದರಲ್ಲಿ ಒಂದೇ ರೀತಿ ಕಾಣುತ್ತಾರೆ. ವ್ಯತ್ಯಾಸ ತಿಳಿಯಲು ಬೇರೆ ಮೂರು ಕಡೆ ನೋಡಬೇಕು.

ಮೊದಲನೆಯದು, ಬಹುಮಾನ ಒತ್ತಿ ಒಂದೇ ನಿಮಿಷದಲ್ಲಿ ಹೊರಹೋಗುವವರ ಪಾಲು. ಇದು ಏರುತ್ತಿದ್ದರೆ ಜನ ಆಟಕ್ಕೆ ಬರುತ್ತಿಲ್ಲ, ಹಾಜರಿ ಹಾಕಲು ಬರುತ್ತಿದ್ದಾರೆ. ಎರಡನೆಯದು, ದಿನ ಮುಗಿಯುವ ಕೊನೆಯ ಗಂಟೆಯ ನೂಕುನುಗ್ಗಲು. ಉದ್ದದ ಸ್ಟ್ರೀಕ್ ಇರುವವರೇ ಅಲ್ಲಿ ಹೆಚ್ಚಿದ್ದರೆ ಅವರನ್ನು ಎಳೆತರುತ್ತಿರುವುದು ಭಯ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸ್ಟ್ರೀಕ್ ಮುರಿದವರಲ್ಲಿ ಎಷ್ಟು ಮಂದಿ ಮುಂದಿನ ಏಳು ದಿನಗಳಲ್ಲಿ ಮತ್ತೆ ಆಡಿದರು? ಆಟವೇ ಇಷ್ಟವಾದವರು ಮರಳುತ್ತಾರೆ. ಅಂಕಿಗಾಗಿ ಬರುತ್ತಿದ್ದವರು ಅದು ಹೋದ ದಿನವೇ ಆಪ್ ಅಳಿಸುತ್ತಾರೆ. 43 ದಿನ ಹಿಡಿದಿಟ್ಟ ಅದೇ ಸ್ಟ್ರೀಕ್ 44ನೇ ದಿನ ಅವರನ್ನು ಹೊರದೂಡಿರುತ್ತದೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಹೊಸ ಆಟಗಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ, ಒಂದಕ್ಕೆ ಕಠಿಣ ನಿಯಮ, ಇನ್ನೊಂದಕ್ಕೆ ತಿಂಗಳಿಗೆ ಎರಡು ರಜೆಯ ನಿಯಮ ಕೊಡಬೇಕು. ಹೋಲಿಕೆಗೆ ಒಂದು ವಾರ ಸಾಲದು. ಮೊದಲ ವಾರ ಕಠಿಣ ನಿಯಮವೇ ಗೆದ್ದಂತೆ ಕಾಣುವ ಸಾಧ್ಯತೆ ಹೆಚ್ಚು, ಯಾಕೆಂದರೆ ಇನ್ನೂ ಹೆಚ್ಚಿನವರ ಸ್ಟ್ರೀಕ್ ಮುರಿದಿರುವುದಿಲ್ಲ. ಮೂರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಆಡುತ್ತಿದ್ದಾರೆ ಎಂದು ಎಣಿಸಬೇಕು.

ಆಟಗಾರರಿಗೂ ಪೋಷಕರಿಗೂ ಪರೀಕ್ಷೆ ಇನ್ನೂ ಸುಲಭ. ಬೇಕೆಂದೇ ಒಂದು ದಿನ ಆಡದೆ ಬಿಟ್ಟು ಮರುದಿನ ಗೇಮ್ ತೆರೆದು ನೋಡಿ. ಹಿಂದೆ ಗಳಿಸಿದ್ದು ಹಾಗೇ ಇದೆಯೇ, ಅಥವಾ ಅದನ್ನು ಮರಳಿ ಕೊಡಲು ಹಣ ಕೇಳುತ್ತಿದೆಯೇ ಎಂಬುದು ಮೊದಲ ಪರದೆಯಲ್ಲೇ ತಿಳಿಯುತ್ತದೆ.